ನಾಲ್ಕು ಕಡೆ ಎಂದರೆ ಯಾವ ನಾಲ್ಕು?

ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಮಷಿನ್ ಶಾಪಿಗೆ ಬರುವ ಡ್ರಾಯಿಂಗ್ ಹಾಳೆಯಲ್ಲಿ ಅಳತೆಗಳಿಗಿಂತ ಹೆಚ್ಚು ತಗಾದೆ ತರುವುದು ಅಳತೆಯ ಹಿಂದೆ ಮುಂದೆ ಅಂಟಿಕೊಂಡ ಎರಡು ಮೂರು ಅಕ್ಷರಗಳು. ಅಳತೆಯ ಮುಂದೆ 4X ಎಂದಿದ್ದರೆ ಆ ಅಳತೆ ನಾಲ್ಕು ಕಡೆಗೆ ಅನ್ವಯ. ಅಳತೆಯ ಹಿಂದೆ TYP ಎಂದಿದ್ದರೆ ‘ಟಿಪಿಕಲ್’, ಅಂದರೆ ಇದೇ ರೀತಿ ಇರುವ ಉಳಿದ ಕಡೆಯೂ ಹೀಗೆಯೇ ಮಾಡಿ ಎಂದು. ಹನ್ನೆರಡು ತೂತುಗಳಿಗೆ ಹನ್ನೆರಡು ಸಲ ಅದೇ ವ್ಯಾಸ ಬರೆದರೆ ಹಾಳೆ ತುಂಬಿ ಏನೂ ಕಾಣದಂತಾಗುತ್ತದೆ, ಅದಕ್ಕೇ ಈ ಸಂಕ್ಷೇಪ. ಎರಡೂ ನೋಡಲು ಒಂದೇ ಕೆಲಸ ಮಾಡುವ ಹಾಗೆ ಕಾಣುತ್ತವೆ. ಆದರೆ ಮೊದಲನೆಯದರಲ್ಲಿ ಒಂದು ಸಂಖ್ಯೆ ಇದೆ, ಎರಡನೆಯದರಲ್ಲಿ ಇಲ್ಲ. ಆ ಒಂದು ಸಂಖ್ಯೆ ಇದ್ದರೆ ತಪ್ಪು ಹಾಳೆಯ ಮೇಲೆಯೇ ಸಿಕ್ಕಿಬೀಳುತ್ತದೆ. ಇಲ್ಲದಿದ್ದರೆ ಲೋಹ ಕತ್ತರಿಸಿ ಮುಗಿದ ಮೇಲೆ, ಕೆಲವೊಮ್ಮೆ ಗ್ರಾಹಕರ ಜೋಡಣೆ ಮೇಜಿನ ಮೇಲೆ ಗೊತ್ತಾಗುತ್ತದೆ.

ಬರೆಯುವ ರೀತಿಯೂ ಊರಿಂದ ಊರಿಗೆ ಬೇರೆ. ಅಮೆರಿಕದ ಎಎಸ್‌ಎಂಇ ವೈ14.5 ಮಾನದಂಡ ಸಂಖ್ಯೆಗೆ ತಾಗಿಸಿ X ಬರೆದು, ಒಂದು ಅಕ್ಷರದಷ್ಟು ಜಾಗ ಬಿಟ್ಟು ಅಳತೆ ಬರೆಯಲು ಹೇಳುತ್ತದೆ. ಐಎಸ್‌ಒ ಪದ್ಧತಿಯಲ್ಲಿ ಅದೇ ಜಾಗದಲ್ಲಿ ಗುಣಾಕಾರದ ಚಿಹ್ನೆ ಬರುತ್ತದೆ. ಹಳೆಯ ಜಪಾನಿ ಡ್ರಾಯಿಂಗುಗಳಲ್ಲಿ ನಾಲ್ಕರ ಪಕ್ಕ ಬರೀ ಒಂದು ಅಡ್ಡಗೆರೆ ಇರುತ್ತದೆ, ಅದನ್ನು ಮೈನಸ್ ಎಂದು ಓದಬಾರದು. ನಮ್ಮ ದೇಶದ ಹಳೆಯ ಹಾಳೆಗಳಲ್ಲಿ 4 HOLES, 4 NOS ಎಂದೆಲ್ಲ ಇರುತ್ತದೆ. ರೂಪ ಯಾವುದೇ ಇರಲಿ, ಅರ್ಥ ಒಂದೇ: ಇಷ್ಟು ಕಡೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಒಂದು ಪ್ಲೇಟನ್ನೇ ಮುಂದಿಟ್ಟುಕೊಂಡು ನೋಡೋಣ. 200 ಮಿಲಿಮೀಟರ್ ಉದ್ದ, 120 ಅಗಲ, 20 ದಪ್ಪದ ಉಕ್ಕಿನ ಬೇಸ್ ಪ್ಲೇಟ್. ನಡುವೆ ಒಂದು ಪಾಕೆಟ್, ಅಂದರೆ 8 ಮಿಲಿಮೀಟರ್ ಆಳದ ಆಯತಾಕಾರದ ತಗ್ಗು. ಮುಂಭಾಗದ ಅಂಚಿನಲ್ಲಿ ಕೇಬಲ್ ಹಾಯಲು ಒಂದು ಸಣ್ಣ ಕಚ್ಚು. ಹಾಳೆಯ ಮೇಲಿರುವ ಟಿಪ್ಪಣಿಗಳು ಇಷ್ಟು:

```
4X Ø9 THRU
   ⌴ Ø15 ↧ 9
8X M6 ↧ 12
2X Ø8 H7 THRU
5X 28 (=140)
4X 2 X 45°
R5 TYP
```

ಮೊದಲನೆಯದು ಮೂಲೆಗಳ ಬೋಲ್ಟ್ ತೂತು. 9 ಮಿಲಿಮೀಟರ್ ವ್ಯಾಸದ್ದು, ಪ್ಲೇಟಿನ ಆಚೆ ಬದಿಗೆ ದಾಟುವಂಥದ್ದು. ಅದರ ಬಾಯಲ್ಲಿ ಬೋಲ್ಟಿನ ತಲೆ ಕೂರಲು 15 ವ್ಯಾಸ, 9 ಆಳದ ಕೌಂಟರ್‌ಬೋರ್. ಟಿಪ್ಪಣಿ ಎರಡು ಸಾಲಿದೆ, ಆದರೆ 4X ಮೊದಲ ಸಾಲಿನಲ್ಲಿ ಮಾತ್ರ ಇದೆ. ಹಾಗೆಂದು ಕೌಂಟರ್‌ಬೋರ್ ಒಂದೇ ತೂತಿಗೆ ಎಂದು ಓದುವಂತಿಲ್ಲ. ಮುಂದಿನ ಸಂಖ್ಯೆ ಕೆಳಗಿನ ಸಾಲುಗಳನ್ನೂ ಸೇರಿಸಿಕೊಂಡು ಇಡೀ ಟಿಪ್ಪಣಿಯನ್ನು ಆಳುತ್ತದೆ. ನಾಲ್ಕು ತೂತು, ನಾಲ್ಕಕ್ಕೂ ಕೌಂಟರ್‌ಬೋರ್. ಬಾಣದ ಗೆರೆ ಒಂದೇ ತೂತನ್ನು ಮುಟ್ಟಿರುತ್ತದೆ, ಉಳಿದ ಮೂರನ್ನು ನಾವೇ ಹುಡುಕಬೇಕು.

ಇಲ್ಲಿಂದ ಎಣಿಕೆ ಶುರು. ಅನುಭವಿ ಆಪರೇಟರ್ ಹಾಳೆ ಕೈಗೆ ಬಂದ ಕೂಡಲೇ ಪೆನ್ಸಿಲ್ ಹಿಡಿದು ಮಾಡುವ ಕೆಲಸ ಇದು. ಮೊದಲು ಟಿಪ್ಪಣಿಗಳ ತೂತುಗಳನ್ನು ಕೂಡಿಸಿ: ನಾಲ್ಕು, ಎಂಟು, ಎರಡು, ಒಟ್ಟು ಹದಿನಾಲ್ಕು. ಆಮೇಲೆ ಮೇಲಿನಿಂದ ನೋಡಿದ ಚಿತ್ರದಲ್ಲಿ, ಅಂದರೆ ಪ್ಲಾನಿನಲ್ಲಿ, ತೂತುಗಳನ್ನು ಎಣಿಸಿ. ಒಂದರೊಳಗೊಂದು ಇರುವ ಎರಡು ವೃತ್ತ ಕೌಂಟರ್‌ಬೋರಿನ ಗುರುತು, ಅದನ್ನು ಒಂದೇ ಎಂದು ಹಿಡಿಯಬೇಕು. ಪೂರ್ತಿ ವೃತ್ತದ ಹೊರಗೆ ಮುಕ್ಕಾಲು ವೃತ್ತದ ತೆಳು ಗೆರೆ ಇದ್ದರೆ ಅದು ಟ್ಯಾಪ್ ಹೊಡೆಯಬೇಕಾದ ತೂತು. ಈ ಪ್ಲೇಟಿನ ಪ್ಲಾನಿನಲ್ಲಿ ಮೂಲೆಗಳಲ್ಲಿ ನಾಲ್ಕು, ಒಂದು ಸಾಲಿನಲ್ಲಿ ಎಂ6 ಆರು, ಡೋವೆಲ್ ಪಿನ್ನಿಗೆ ಎರಡು, ಒಟ್ಟು ಹನ್ನೆರಡು ಸಿಗುತ್ತವೆ. ಟಿಪ್ಪಣಿ ಹದಿನಾಲ್ಕು ಎನ್ನುತ್ತಿದೆ. ಎರಡು ಎಲ್ಲಿ?

ಎಂ6 ಎಂಟು ಎಂದಿದೆ, ಸಾಲಿನಲ್ಲಿರುವುದು ಆರು. ಉಳಿದೆರಡು ಪ್ಲೇಟಿನ ತುದಿಯ ಮುಖದಲ್ಲಿವೆ, 20 ಮಿಲಿಮೀಟರ್ ದಪ್ಪದ ಬದಿಯಲ್ಲಿ. ಪಕ್ಕದಿಂದ ನೋಡಿದ ಚಿತ್ರದಲ್ಲಿ ಅವು ವೃತ್ತಗಳಾಗಿ ಕಾಣುತ್ತವೆ, ಪ್ಲಾನಿನಲ್ಲಿ ತುಂಡುಗೆರೆಗಳಾಗಿ ಅಡಗಿವೆ. ಅವುಗಳಿಗೆ ಬೇರೆ ಟಿಪ್ಪಣಿ ಬರೆದಿಲ್ಲ, ಏಕೆಂದರೆ 8X ಅವನ್ನೂ ಒಳಗೊಂಡಿದೆ. ಸಂಖ್ಯೆ ಲೆಕ್ಕ ಹಾಕುವುದು ಇಡೀ ಬಿಡಿಭಾಗಕ್ಕೆ, ಬಾಣ ಇರುವ ಒಂದು ಚಿತ್ರಕ್ಕಲ್ಲ. ಇದನ್ನು ಮರೆತು ಪ್ಲಾನ್ ಒಂದನ್ನೇ ನೋಡಿ ಕೆಲಸ ಮುಗಿಸಿದರೆ ಪ್ಲೇಟು ಎರಡು ತೂತು ಕಡಿಮೆಯಾಗಿ ಹೊರಟುಹೋಗುತ್ತದೆ. ತಿರುವುಮುರುವಿನ ತಪ್ಪೂ ಇದೆ. ಆಚೆ ದಾಟುವ ತೂತು ಪ್ಲಾನಿನಲ್ಲೂ ಕಾಣುತ್ತದೆ, ಅಡಿಯಿಂದ ನೋಡಿದ ಚಿತ್ರವಿದ್ದರೆ ಅಲ್ಲೂ ಕಾಣುತ್ತದೆ. ಎರಡೂ ಕಡೆ ಎಣಿಸಿದರೆ ನಾಲ್ಕು ಎಂಟಾಗುತ್ತದೆ. ಹಾಗಾಗಿ ಎಣಿಸಿದ ತೂತಿಗೆ ಎಲ್ಲ ಚಿತ್ರಗಳಲ್ಲೂ ಒಂದೇ ಗುರುತು ಹಾಕುವುದು ಒಳ್ಳೆಯದು, ಬಣ್ಣದ ಪೆನ್ಸಿಲ್ ಇದ್ದರೆ ಇನ್ನೂ ಸುಲಭ. ಪ್ಲಾನಿನ ಹನ್ನೆರಡಕ್ಕೆ ತುದಿಯ ಎರಡು ಸೇರಿ ಹದಿನಾಲ್ಕಾಯಿತು, ಲೆಕ್ಕ ಕೂಡಿತು.

ಆ ಎರಡು ತೂತು ಯಾವ ತುದಿಯಲ್ಲಿ ಎಂಬುದು ಇನ್ನೊಂದು ಪ್ರಶ್ನೆ. ಭಾರತದಲ್ಲಿ ಶಾಲಾ ಕಾಲೇಜುಗಳಿಗೆಂದು ಬಂದ ಎಸ್‌ಪಿ 46 ಕೈಪಿಡಿ ಕಲಿಸುವುದು ಫಸ್ಟ್ ಆಂಗಲ್ ಪದ್ಧತಿ, ಅಮೆರಿಕದ ಹಾಳೆಗಳು ಥರ್ಡ್ ಆಂಗಲ್. ಮುಖ್ಯ ಚಿತ್ರದ ಬಲಕ್ಕೆ ಒಂದು ಪಕ್ಕದ ಚಿತ್ರ ಇದೆ ಅಂದುಕೊಳ್ಳಿ. ಥರ್ಡ್ ಆಂಗಲಿನಲ್ಲಿ ಅದು ಬಲಗಡೆಯಿಂದ ನೋಡಿದ್ದು, ಫಸ್ಟ್ ಆಂಗಲಿನಲ್ಲಿ ಎಡಗಡೆಯಿಂದ ನೋಡಿದ್ದು. ಶೀರ್ಷಿಕೆ ಚೌಕದಲ್ಲಿರುವ, ತುದಿ ಕತ್ತರಿಸಿದ ಶಂಕುವಿನ ಚಿಹ್ನೆಯನ್ನು ನೋಡದೆ ಇದನ್ನು ತೀರ್ಮಾನಿಸಬಾರದು. ಸಂಖ್ಯೆ ಸರಿಯಾಗಿದ್ದು ಜಾಗ ತಪ್ಪಿದರೆ ಎಣಿಕೆಯ ತಾಳೆ ಅದನ್ನು ಹಿಡಿಯುವುದಿಲ್ಲ. ತುಂಡುಗೆರೆಗಳು ಪ್ಲಾನಿನ ಯಾವ ತುದಿಯಲ್ಲಿವೆ ಎಂದು ನೋಡಿದರೆ ಉತ್ತರ ಖಚಿತವಾಗುತ್ತದೆ.

ಈಗ ಸಾಲಿನ ಆರು ಎಂ6 ತೂತುಗಳ ಅಂತರ. ಟಿಪ್ಪಣಿ 5X 28 ಎನ್ನುತ್ತದೆ. ಹೊಸಬರು ಇದನ್ನು ಕಂಡು ‘ಐದು ತೂತು’ ಎಂದುಕೊಂಡುಬಿಡುತ್ತಾರೆ, ಇಲ್ಲವೇ ಡಿಸೈನರ್ ತಪ್ಪಾಗಿ ಬರೆದಿದ್ದಾರೆ ಎಂದು ಆರಕ್ಕೆ ತಿದ್ದಿಬಿಡುತ್ತಾರೆ. ಎರಡೂ ಅಲ್ಲ. ಇಲ್ಲಿ 5X ಎಣಿಸುತ್ತಿರುವುದು ತೂತುಗಳನ್ನಲ್ಲ, ತೂತುಗಳ ನಡುವಿನ ಅಂತರಗಳನ್ನು. ಹಳೆಯ ತೊಟ್ಟಿಮನೆಯ ಜಗಲಿಯಲ್ಲಿ ಆರು ಕಂಬ ಸಾಲಾಗಿ ನಿಂತಿದ್ದರೆ ಅಂಕಣ ಐದೇ. ಅದೇ ಆರು ಕಂಬ ದುಂಡಗೆ ನಿಂತರೆ ಅಂಕಣವೂ ಆರಾಗುತ್ತದೆ, ಕೊನೆಯ ಕಂಬದಿಂದ ಮೊದಲ ಕಂಬಕ್ಕೆ ಇನ್ನೊಂದು ಬರುತ್ತದಲ್ಲ. ಹಾಗೆಯೇ ಫ್ಲೇಂಜಿನ ವೃತ್ತದ ಮೇಲೆ ಸಮನಾಗಿ ಹಂಚಿದ ಆರು ತೂತಿಗೆ 6X 60° ಎಂದೇ ಬರೆಯಬೇಕು. ಆವರಣದಲ್ಲಿರುವ 140 ಒಂದು ಸಹಾಯದ ಸಂಖ್ಯೆ, ಐದು ಇಪ್ಪತ್ತೆಂಟು ನೂರನಲವತ್ತು ಎಂದು ತಾಳೆ ನೋಡಲು ಕೊಟ್ಟದ್ದು. ಮೊದಲ ತೂತು ಎಡ ಅಂಚಿನಿಂದ 30ರಲ್ಲಿದ್ದರೆ ಕೊನೆಯದು 170ರಲ್ಲಿ ಬರುತ್ತದೆ, ಬಲ ಅಂಚಿಗೆ ಮತ್ತೆ 30 ಉಳಿಯುತ್ತದೆ. ಇನ್ನೂರಕ್ಕೆ ಕೂಡಿತು. ಅಂತರಗಳನ್ನು ಆರೆಂದು ಹಿಡಿದಿದ್ದರೆ ಕೊನೆಯ ತೂತು 198ರಲ್ಲಿ, ಅಂದರೆ ಅಂಚಿನಿಂದ ಎರಡೇ ಮಿಲಿಮೀಟರ್ ಒಳಗೆ ಬಿದ್ದು ಅಂಚನ್ನು ಒಡೆದುಕೊಂಡು ಹೋಗುತ್ತಿತ್ತು.

ಒಂದು ಟಿಪ್ಪಣಿ ಹಲವು ಕಡೆಗೆ ಅನ್ವಯಿಸುತ್ತದೆ ಎಂದಾಗ ಅದರ ಟಾಲರೆನ್ಸ್, ಅಂದರೆ ಅಳತೆಯಲ್ಲಿ ಬಿಟ್ಟುಕೊಟ್ಟ ಹೆಚ್ಚುಕಡಿಮೆ, ಕೂಡ ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಅನ್ವಯಿಸುತ್ತದೆ. ವ್ಯಾಸದ ವಿಷಯದಲ್ಲಿ ಇದರಿಂದ ತೊಂದರೆ ಇಲ್ಲ. 2X Ø8 H7 ಎಂದರೆ ಎರಡೂ ತೂತು ತಮ್ಮಷ್ಟಕ್ಕೆ 8.000 ಮತ್ತು 8.015 ಮಿಲಿಮೀಟರ್ ನಡುವೆ ಇರಬೇಕು ಎಂದಷ್ಟೇ. ಎರಡರ ಸರಾಸರಿ ತೆಗೆದು ಒಪ್ಪಿಸುವಂತಿಲ್ಲ. ತೊಂದರೆ ಬರುವುದು ಅಂತರದಲ್ಲಿ. 28ಕ್ಕೆ ಎರಡೂ ಕಡೆ 0.1 ಬಿಟ್ಟುಕೊಟ್ಟಿದ್ದರೆ, ಐದು ಅಂತರಗಳೂ ಒಂದೇ ದಿಕ್ಕಿಗೆ 0.1 ಸರಿದಾಗ ಆರನೆಯ ತೂತು ಮೊದಲನೆಯದರಿಂದ 0.5 ಮಿಲಿಮೀಟರ್ ದೂರ ಹೋಗಿರುತ್ತದೆ. ಒಂದೊಂದು ಅಂತರವನ್ನೂ ಬಿಡಿಯಾಗಿ ಅಳೆದ ಇನ್‌ಸ್ಪೆಕ್ಟರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಈ ಸಾಲಿನ ಮೇಲೆ ಕೂರುವ ಕವರಿನಲ್ಲಿ 6.6 ಮಿಲಿಮೀಟರಿನ ತೂತುಗಳಿವೆ. 6 ಮಿಲಿಮೀಟರ್ ಸ್ಕ್ರೂ ಹಾಕಿದರೆ ನಡುಬಿಂದುವಿನಿಂದ ಯಾವ ದಿಕ್ಕಿಗಾದರೂ 0.3 ಸರಿಯಲು ಜಾಗ. ಕವರು ಕರಾರುವಾಕ್ಕಾಗಿದ್ದರೆ ಅದನ್ನು ಸ್ವಲ್ಪ ಸರಿಸಿ, 0.5ರ ತಪ್ಪನ್ನು ಎರಡು ತುದಿಗೆ ಅರ್ಧರ್ಧ, 0.25ರಂತೆ ಹಂಚಿಬಿಡಬಹುದು. ಸ್ಕ್ರೂಗಳು ಕಷ್ಟಪಟ್ಟು ಇಳಿಯುತ್ತವೆ. ಕವರಿನ ಸಾಲೂ ಅದೇ ರೀತಿಯ ಟಿಪ್ಪಣಿಯಿಂದ ತಯಾರಾಗಿ ಇನ್ನೊಂದು ದಿಕ್ಕಿಗೆ 0.5 ಸರಿದಿದ್ದರೆ ವ್ಯತ್ಯಾಸ ಒಂದು ಮಿಲಿಮೀಟರ್. ಅದನ್ನು ಹೇಗೆ ಹಂಚಿದರೂ ಒಂದೊಂದು ತುದಿಗೆ 0.5 ಬರುತ್ತದೆ, ಇರುವ ಜಾಗ 0.3. ಕೊನೆಯ ಸ್ಕ್ರೂ ಇಳಿಯುವುದೇ ಇಲ್ಲ. ಡಿಸೈನರ್ ಇದನ್ನು ಮೊದಲೇ ಯೋಚಿಸಿದ್ದರೆ 28ರ ಸುತ್ತ ಒಂದು ಚೌಕ ಹಾಕಿ, ಅದನ್ನು ಹೆಚ್ಚುಕಡಿಮೆ ಇಲ್ಲದ ಮೂಲ ಅಳತೆಯಾಗಿಸಿ, ತೂತುಗಳ ಸ್ಥಾನಕ್ಕೆ ಪ್ರತ್ಯೇಕ ಟಾಲರೆನ್ಸ್ ಕೊಡುತ್ತಾರೆ. ಆಗ ಪ್ರತಿ ತೂತಿಗೂ ತನ್ನ ನಿಜವಾದ ಜಾಗದ ಸುತ್ತ ಒಂದೇ ಅಳತೆಯ ಅವಕಾಶ ಸಿಗುತ್ತದೆ, ತಪ್ಪು ಸಾಲುಗಟ್ಟಿ ಬೆಳೆಯುವುದಿಲ್ಲ. ಚೌಕ ಇಲ್ಲದ ಹಾಳೆ ಬಂದಾಗ ಆಪರೇಟರ್ ಮಾಡಬಹುದಾದದ್ದು, ಆರೂ ತೂತುಗಳ ಜಾಗವನ್ನು ಒಂದೇ ಅಂಚಿನಿಂದ ಲೆಕ್ಕ ಹಾಕಿ 30, 58, 86, 114, 142, 170 ಎಂದು ಪ್ರೋಗ್ರಾಂ ಮಾಡುವುದು. ಹಿಂದಿನ ತೂತಿನಿಂದ ಮುಂದಿನ ತೂತಿಗೆ ಜಿಗಿಯುತ್ತ ಹೋಗುವುದು ಬೇಡ.

4X 2 X 45° ಎಂಬ ಸಾಲು ಒಂದು ಗೊಂದಲದ ಗೂಡು. ಇದರಲ್ಲಿ ಎರಡು X ಇವೆ, ಎರಡರ ಕೆಲಸವೂ ಬೇರೆ. ಅಂಕಿಗೆ ಅಂಟಿಕೊಂಡಿರುವ ಮೊದಲ X ‘ಕಡೆ’ ಎನ್ನುತ್ತದೆ. ಎರಡೂ ಪಕ್ಕ ಜಾಗ ಬಿಟ್ಟು ನಿಂತಿರುವ ಎರಡನೆಯ X ಅಳತೆಯನ್ನೂ ಕೋನವನ್ನೂ ಜೋಡಿಸುತ್ತದೆ. ಒಟ್ಟಿನಲ್ಲಿ ಪ್ಲೇಟಿನ ನಾಲ್ಕು ಮೂಲೆಗಳನ್ನು 2 ಮಿಲಿಮೀಟರಿನಷ್ಟು 45 ಡಿಗ್ರಿಯಲ್ಲಿ ಚಾಂಫರ್ ಮಾಡಬೇಕು. ಆ ಒಂದು ಅಕ್ಷರದ ಜಾಗ ಎಷ್ಟು ಮುಖ್ಯ ಎಂದರೆ, 2X 45° ಎಂದು ಅಂಟಿಸಿ ಬರೆದಾಗ ಅದು ‘ಎರಡು ಕಡೆ 45 ಡಿಗ್ರಿ’ ಆಗಿಬಿಡುತ್ತದೆ, ಎಷ್ಟು ಮಿಲಿಮೀಟರ್ ಎಂಬುದೇ ಮಾಯ. ಹಾಳೆಯ ನಕಲಿನ ನಕಲು ತೆಗೆದು ಅಕ್ಷರಗಳು ಕೂಡಿಕೊಂಡಾಗಲೂ ಹೀಗಾಗುತ್ತದೆ. ಆಗ ಒಂದು ಪರೀಕ್ಷೆ ಮಾಡಿ ನೋಡಬಹುದು: X ಅನ್ನು ‘ಕಡೆ’ ಎಂದು ಓದಿದರೆ ಉಳಿದದ್ದು ಒಂದು ಪೂರ್ತಿ ಅಳತೆಯಾಗಿ ನಿಲ್ಲುತ್ತದೆಯೇ? 45 ಡಿಗ್ರಿ ಒಂದೇ ಚಾಂಫರನ್ನು ವಿವರಿಸಲಾರದು, ಹಾಗಾಗಿ ಅಲ್ಲಿ 2 ಎಂಬುದು ಅಳತೆಯೇ ಇರಬೇಕು ಎಂಬ ಅನುಮಾನ ಹುಟ್ಟಬೇಕು. ಅನುಮಾನವನ್ನು ಕೇಳಿ ಬಗೆಹರಿಸಿಕೊಳ್ಳಬೇಕು.

ಉಳಿದದ್ದು R5 TYP. ಬಾಣ ಪಾಕೆಟಿನ ಒಂದು ಒಳಮೂಲೆಯನ್ನು ಮುಟ್ಟಿದೆ. ಪಾಕೆಟಿಗೆ ಅಂಥ ನಾಲ್ಕು ಮೂಲೆಗಳಿವೆ, ನಾಲ್ಕಕ್ಕೂ 5 ಮಿಲಿಮೀಟರ್ ತ್ರಿಜ್ಯದ ದುಂಡು ಎನ್ನುವುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಾರದು. ಆದರೆ ಮುಂಭಾಗದ ಕೇಬಲ್ ಕಚ್ಚಿನಲ್ಲೂ ಎರಡು ಒಳಮೂಲೆಗಳಿವೆ, ಅವೂ ಚಿತ್ರದಲ್ಲಿ ದುಂಡಾಗಿಯೇ ಕಾಣುತ್ತವೆ, ಅವುಗಳಿಗೆ ಬೇರೆ ಅಳತೆ ಬರೆದಿಲ್ಲ. ಟಿಪಿಕಲ್ ಎಂದರೆ ಅವೂ ಸೇರಿದವೇ? ಪಾಕೆಟಿನ ಗೋಡೆ ಅದರ ತಳವನ್ನು ಸೇರುವ ಸುತ್ತುಮೂಲೆಯೂ ಸೀಳುನೋಟದಲ್ಲಿ ಸ್ವಲ್ಪ ದುಂಡಗೆ ಕಂಡರೆ ಅದೂ ಸೇರಿತೇ? ಒಬ್ಬರು ನಾಲ್ಕು ಎಂದು ಓದುತ್ತಾರೆ, ಇನ್ನೊಬ್ಬರು ಆರು ಎನ್ನುತ್ತಾರೆ. ಮೂರನೆಯವರು ತಳದ ಅಂಚನ್ನೂ ಸೇರಿಸಿಕೊಂಡು ದುಂಡುಮೂತಿಯ ಕಟರ್ ಹುಡುಕಲು ಹೋಗುತ್ತಾರೆ. ಮೂವರಲ್ಲಿ ಯಾರನ್ನೂ ತಪ್ಪು ಎನ್ನಲು ಹಾಳೆಯಲ್ಲಿ ಆಧಾರವಿಲ್ಲ. ನನಗೆ TYP ಬಗ್ಗೆ ಇರುವ ತಕರಾರು ಇದೇ. ಅದರ ಸೀಮೆಯನ್ನು ಓದುಗನೇ ಊಹಿಸಬೇಕು, ಊಹೆ ಸರಿಯೋ ಎಂದು ನೋಡಲು ತಾಳೆಯೂ ಇಲ್ಲ. ವೈ14.5 ಮಾನದಂಡ ಪುನರಾವರ್ತನೆಗೆ ತೋರಿಸುವ ದಾರಿ ಸಂಖ್ಯೆ ಮತ್ತು X.

ಅದೇ ಜಾಗದಲ್ಲಿ 6X R5 ಎಂದಿದ್ದರೆ? ಪಾಕೆಟಿನ ನಾಲ್ಕು, ಕಚ್ಚಿನ ಎರಡು, ಆರು ಕೂಡಿತು, ತಳದ ಅಂಚು ಇದರಲ್ಲಿ ಇಲ್ಲ. 4X R5 ಎಂದಿದ್ದರೆ ಪಾಕೆಟಿಗೆ ಮಾತ್ರ, ಆಗ ಕಚ್ಚಿನ ಎರಡು ಮೂಲೆಗೆ ಅಳತೆ ಬಿಟ್ಟುಹೋಗಿದೆ ಎಂಬುದು ಕೂಡಲೇ ಕಾಣುತ್ತದೆ, ಕತ್ತರಿಸುವ ಮುನ್ನವೇ ಕೇಳಬಹುದು. ಎರಕದ ಭಾಗಗಳಂತೆ ಹತ್ತಾರು ದುಂಡುಮೂಲೆಗಳಿರುವ ಕಡೆ ಒಂದೊಂದನ್ನೂ ಎಣಿಸಿ ಬರೆಯುವುದು ನಿಜಕ್ಕೂ ಕಷ್ಟ. ಅಲ್ಲಿ ಚಿತ್ರದ ಪಕ್ಕ TYP ಹಾಕುವ ಬದಲು, ‘ಬೇರೆ ಹೇಳದ ಕಡೆಯೆಲ್ಲ ಒಳಮೂಲೆ R3’ ಎಂಬ ಸಾಮಾನ್ಯ ಟಿಪ್ಪಣಿಯನ್ನು ಹಾಳೆಯ ಬದಿಯಲ್ಲಿ ಬರೆಯುವುದು ಸರಿ. ಆಗ ಅದರ ಸೀಮೆ ಸ್ಪಷ್ಟ: ಅಳತೆ ಬರೆಯದ ಪ್ರತಿ ಒಳಮೂಲೆಯೂ ಅದರೊಳಗೆ ಬರುತ್ತದೆ.

TYP ಗೌರವದಿಂದ ಬಾಳುವ ಜಾಗಗಳೂ ಇವೆ. ಅಪಾರ್ಟ್‌ಮೆಂಟ್ ಕೊಳ್ಳಲು ಹೋದವರು ‘ಟಿಪಿಕಲ್ ಫ್ಲೋರ್ ಪ್ಲಾನ್’ ನೋಡಿಯೇ ಇರುತ್ತಾರೆ. ಎರಡರಿಂದ ಐದನೆಯ ಮಹಡಿಯವರೆಗೆ ಎಂದು ಶೀರ್ಷಿಕೆಯಲ್ಲೇ ಬರೆದಿದ್ದರೆ ಅಲ್ಲಿ ಸಂಖ್ಯೆ ಬಂದ ಹಾಗೆಯೇ. ಆ ನಕ್ಷೆಯಲ್ಲಿ ಒಂದೇ ಗುರುತಿನ ಹತ್ತು ಬಾಗಿಲುಗಳಿದ್ದರೆ ನಾಲ್ಕು ಮಹಡಿಗೆ ನಲವತ್ತು ಬೇಕು. ವೆಲ್ಡಿಂಗ್ ಚಿಹ್ನೆಗಳಿಗೆ ಸಂಬಂಧಿಸಿದ ಅಮೆರಿಕದ ಎಡಬ್ಲ್ಯುಎಸ್ ಎ2.4 ಮಾನದಂಡವೂ TYP ಬಳಸಲು ಬಿಡುತ್ತದೆ, ಆದರೆ ಅದು ಯಾವ ಯಾವ ಕೀಲುಗಳಿಗೆ ಅನ್ವಯ ಎಂದು ಪೂರ್ತಿಯಾಗಿ ಗುರುತಿಸಬೇಕು ಎಂಬ ಷರತ್ತು ಹಾಕುತ್ತದೆ. ನಾಲ್ಕು ಕಂಬಗಳಲ್ಲಿ ಟಿಪಿಕಲ್ ಎಂದಾಗ ವೆಲ್ಡರ್ ಎಲ್ಲೆಲ್ಲಿ ಕೈ ಇಡಬೇಕೆಂದು ತಿಳಿಯುತ್ತದೆ.

ಎಣಿಕೆಗೂ ಕೈಕೊಡುವ ಒಂದು ಸಂದರ್ಭ ಹೇಳಲೇಬೇಕು. ಕೊಳವೆಗೆ ಅಡ್ಡಲಾಗಿ ಡ್ರಿಲ್ ಇಳಿಸಿದರೆ ಅದು ಎರಡು ಗೋಡೆಗಳನ್ನು ದಾಟುತ್ತದೆ. ಡ್ರಿಲ್ ಇಳಿದದ್ದು ಒಂದೇ ಸಲ, ಲೋಹದಲ್ಲಿ ಬಿದ್ದ ತೂತು ಎರಡು. ಒಬ್ಬ ಡಿಸೈನರ್ ಇದನ್ನು 2X ಎಂದು ಬರೆದರೆ ಇನ್ನೊಬ್ಬರು ಎರಡೂ ಗೋಡೆ ದಾಟಿಸಿ ಎಂದು ಒಂದೇ ತೂತಾಗಿ ಬರೆಯುತ್ತಾರೆ. ಮೊದಲನೆಯವರ 2X ನೋಡಿ ‘ಎರಡು ಜಾಗದಲ್ಲಿ ಡ್ರಿಲ್ ಇಳಿಸಬೇಕು’ ಎಂದುಕೊಂಡವರು ಕೊಳವೆಯಲ್ಲಿ ನಾಲ್ಕು ತೂತು ಮಾಡಿಟ್ಟಿರುತ್ತಾರೆ. ಇಂಥ ಕಡೆ ಪಕ್ಕದ ಚಿತ್ರದ ನಡುಗೆರೆಗಳನ್ನು ಎಣಿಸಬೇಕು. ನಡುಗೆರೆ ಒಂದೇ ಇದ್ದು ಸಂಖ್ಯೆ ಎರಡಾಗಿದ್ದರೆ ಅವರು ಗೋಡೆಗಳನ್ನು ಎಣಿಸಿದ್ದಾರೆ ಎಂದರ್ಥ.

ಕೆಲಸ ಮುಗಿದ ಮೇಲೆ ಅದೇ ಸಂಖ್ಯೆಗಳು ತಪಾಸಣೆಯ ಮೇಜಿಗೆ ಬರುತ್ತವೆ. ನಮ್ಮ ಪ್ಲೇಟಿನ ಕೌಂಟರ್‌ಬೋರ್ ಟಿಪ್ಪಣಿ ಒಂದೇ, ಆದರೆ ತೂತಿನ ವ್ಯಾಸ, ಕೌಂಟರ್‌ಬೋರಿನ ವ್ಯಾಸ, ಅದರ ಆಳ ಎಂದು ಮೂರು ಅಳತೆ, ಪ್ರತಿಯೊಂದೂ ನಾಲ್ಕು ಕಡೆ, ಒಟ್ಟು ಹನ್ನೆರಡು ಸಲ ಅಳೆಯಬೇಕು. ಎಂಟು ಎಂ6 ಗರಗಳಿಗೂ ಗೋ, ನೋ-ಗೋ ಪ್ಲಗ್ ಗೇಜ್ ಇಳಿಸಬೇಕು. ಒಂದಕ್ಕೆ ಇಳಿಸಿ ಎಂಟಕ್ಕೆ ಸರಿ ಹಾಕುವಂತಿಲ್ಲ. ಏಕೆಂದರೆ ಎಂಟನೆಯ ತೂತಿನ ಹೊತ್ತಿಗೆ ಟ್ಯಾಪ್ ಸವೆದಿರಬಹುದು, ತುದಿಯ ಎರಡನ್ನು ಬೇರೆ ಸೆಟ್ಟಿಂಗಿನಲ್ಲಿ ಹೊಡೆದಿರುತ್ತಾರೆ. ಬೆಂಗಳೂರಿನ ವಿಮಾನ ಬಿಡಿಭಾಗದ ಶಾಪುಗಳಿಗೆ ಪರಿಚಿತವಾದ ಎಎಸ್9102 ಮೊದಲ-ತುಣುಕು ವರದಿಯಲ್ಲಿ, ಹಲವು ಕಡೆ ಬರುವ ಒಂದೇ ಅಳತೆಗೆ ಎಲ್ಲ ಓದುಗಳನ್ನೂ ಬರೆಯಬಹುದು, ಇಲ್ಲವೇ ಅತಿ ಕಡಿಮೆ ಮತ್ತು ಅತಿ ಹೆಚ್ಚಿನದನ್ನು ಮಾತ್ರ ಬರೆಯಬಹುದು. ಆದರೆ ಒಂದು ಕಡೆ ಅಳತೆ ತಪ್ಪಿದ್ದರೂ ಅದನ್ನು ಪ್ರತ್ಯೇಕವಾಗಿ ಬರೆಯಲೇಬೇಕು. ಕನಿಷ್ಠ ಗರಿಷ್ಠ ಬರೆಯುವ ಸವಲತ್ತು ಎಲ್ಲವನ್ನೂ ಅಳೆದವರಿಗೆ, ಎರಡನ್ನು ಮಾತ್ರ ಅಳೆದವರಿಗಲ್ಲ.

ಡ್ರಾಯಿಂಗು ಪರಿಷ್ಕಾರವಾದಾಗ ಸಂಖ್ಯೆಗಳು ಹಳೆಯವೇ ಉಳಿದುಬಿಡುವುದು ಸಾಮಾನ್ಯ. ಡಿಸೈನರ್ ತುದಿಯ ಎರಡು ಎಂ6 ತೆಗೆದುಹಾಕಿರುತ್ತಾರೆ, ಕೈಯಿಂದ ಟೈಪಿಸಿದ 8X ಹಾಗೆಯೇ ಇರುತ್ತದೆ. ಎಣಿಸಿದವರಿಗೆ ಹನ್ನೆರಡು ಸಿಗುತ್ತದೆ, ಟಿಪ್ಪಣಿ ಹದಿನಾಲ್ಕೆನ್ನುತ್ತದೆ. ಆಗ ಹಳೆಯ ಹಾಳೆಯ ನೆನಪಿನಿಂದ ತುದಿಯಲ್ಲಿ ಎರಡು ತೂತು ಕೊರೆಯುವುದೂ ತಪ್ಪು, ಆರೇ ಇರಬೇಕೆಂದು ತಾವೇ ತೀರ್ಮಾನಿಸಿ ಸುಮ್ಮನಾಗುವುದೂ ತಪ್ಪು. ಗ್ರಾಹಕರಿಗೆ ಬರೆಯುವ ಪ್ರಶ್ನೆಯಲ್ಲಿ ಡ್ರಾಯಿಂಗ್ ನಂಬರ್, ಪರಿಷ್ಕಾರದ ಅಕ್ಷರ, ಟಿಪ್ಪಣಿ ಹೇಳುವ ಸಂಖ್ಯೆ, ಯಾವ ಚಿತ್ರದಲ್ಲಿ ಎಷ್ಟು ಸಿಕ್ಕಿತು ಎಂಬುದು ಇರಲಿ. ‘ಎಂ6 ಎಂಟು ಎಂದಿದೆ, ಪ್ಲಾನಿನಲ್ಲಿ ಆರು ಇವೆ, ಪಕ್ಕದ ಚಿತ್ರದಲ್ಲಿ ಇಲ್ಲ, ಆರೋ ಎಂಟೋ ತಿಳಿಸಿ’ ಎಂದು ಬರೆದರೆ ಅವರು ಹಾಳೆ ತೆರೆದ ಕ್ಷಣದಲ್ಲೇ ಉತ್ತರಿಸಬಹುದು. ಫೋನಿನಲ್ಲಿ ಉತ್ತರ ಬಂದರೂ ಬರಹದಲ್ಲಿ ತರಿಸಿಕೊಂಡು, ಶಾಪಿನ ಹಾಳೆಯ ಮೇಲೆ 8X ಹೊಡೆದುಹಾಕಿ, ಪಕ್ಕದಲ್ಲಿ 6X ಎಂದು ದಿನಾಂಕ ಮತ್ತು ಸಹಿಯೊಂದಿಗೆ ತಿದ್ದಿ, ಆಮೇಲೆ ಪ್ಲೇಟನ್ನು ಮಷಿನ್ ಮೇಲೆ ಕಟ್ಟಬೇಕು. ತಪಾಸಣೆಯವರ ಪ್ರತಿಯಲ್ಲೂ ಅದೇ ತಿದ್ದುಪಡಿ ಆಗಿರಬೇಕು. ಇಲ್ಲದಿದ್ದರೆ ಸರಿಯಾಗಿ ತಯಾರಾದ ಪ್ಲೇಟನ್ನು ಅವರು ಎರಡು ತೂತು ಕಡಿಮೆ ಎಂದು ಪಕ್ಕಕ್ಕಿಡುತ್ತಾರೆ.